ಅಕ್ಕನ ಓದು

ನನ್ನ ಕೋಪ ಇಡೀ ಗರುಡಾಚಾರ್‌ಪಾಳ್ಯಕ್ಕೆ ಗೊತ್ತು. ನಮ್ಮ ಪ್ರೈಮರಿ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಹೇಳಿಕೊಟ್ಟಿದ್ದೇನೆ. ಅಂಬುಜಾ ಮಿಸ್ ಅಂದರೆ ವ್ಯಾಕರಣ, ವ್ಯಾಕರಣ ಅಂದರೆ ಅಂಬುಜಾ ಮಿಸ್ ಎಂದು ಹೆಡ್‌ಮಿಸ್ ಎಲ್ಲರೆದುರು ಹೇಳುತ್ತಿದ್ದರು. ಆ ಮಾತು ಕೇಳಿ ಕೇಳಿ ನನಗೂ ತಲೆ ತಿರುಗಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನದೊಂದು ಪದ್ಧತಿ ಇತ್ತು. ಐದನೇ ತರಗತಿಯ ಗೋಡೆಗೆ ದೊಡ್ಡ ಚಾರ್ಟು. ನಾಮಪದ, ಸರ್ವನಾಮ, ಗುಣವಾಚಕ, ಕ್ರಿಯಾಪದ ಎಂದು ನಾಲ್ಕು ಸಾಲು, ಒಂದೊಂದರ ಕೆಳಗೂ ಮೂವತ್ತು ಪದ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳು ಅದನ್ನು ಮಗ್ಗಿಯ ಹಾಗೆ ಒಪ್ಪಿಸಬೇಕು. ಮರ ನಾಮಪದ. ಅವಳು ಸರ್ವನಾಮ. ಓದು ಕ್ರಿಯಾಪದ. ಹಾಡು ಕ್ರಿಯಾಪದ. ಪರೀಕ್ಷೆಯಲ್ಲಿ ವಾಕ್ಯ ಓದುತ್ತಾ ಕೂರುವ ತಾಪತ್ರಯವೇ ಇಲ್ಲ. ಪದ ಕಂಡಿತೋ, ಉತ್ತರ ಬರೆದಾಯಿತು. ಹೆಚ್ಚಿನ ಸಲ ಅದು ಸರಿಯಾಗಿಯೇ ಇರುತ್ತಿತ್ತು.

ನನ್ನ ನೌಕರಿ ಮುಗಿಯುತ್ತಾ ಬಂದಾಗ ಐದನೇ ತರಗತಿಗೆ ಲಕ್ಷ್ಮಿದೇವಿ ಎಂಬ ಹುಡುಗಿ ಬಂದಳು. ಯಾದಗಿರಿ ಕಡೆಯವರು. ಅಪ್ಪ ಭಗವಂತರಾಯ ಗಾರೆ ಕೆಲಸ, ಅವ್ವ ಜಟ್ಟೆಮ್ಮ ಅದೇ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಒಂದು ಕಟ್ಟಡ ಮುಗಿದರೆ ಬಾಡಿಗೆ ರೂಮು ಖಾಲಿ ಮಾಡಿ ಮುಂದಿನ ಕಟ್ಟಡದ ಹತ್ತಿರ ಹೋಗುವವರು. ನಮ್ಮದು ಹುಡುಗಿಗೆ ನಾಲ್ಕನೇ ಶಾಲೆ. ಮೇ ತಿಂಗಳಲ್ಲಿ ಮತ್ತೆ ಹೊರಡಬೇಕು, ಈ ಸಲ ಹೋಗುವ ಕಡೆ ಶಾಲೆಯೇ ಇಲ್ಲ ಎಂದು ಜಟ್ಟೆಮ್ಮ ಹೇಳಿದ್ದಳು. ಅದಕ್ಕೆ ನಾನೇ ಮುಂದೆ ನಿಂತು, ಒಂದು ಟ್ರಸ್ಟಿನವರ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಅವಳ ಅರ್ಜಿ ತುಂಬಿಸಿದೆ. ಸೀಟು ಸಿಕ್ಕರೆ ಆರರಿಂದ ಹತ್ತರವರೆಗೆ ಊಟ, ವಸತಿ, ಪಾಠ ಎಲ್ಲ ಒಂದೇ ಕಡೆ. ಸಿಗದಿದ್ದರೆ ಅಲ್ಲಿಗೆ ಮುಗಿಯಿತು.

ಪರೀಕ್ಷೆಗೆ ಎರಡು ವಾರ ಇದ್ದಾಗ ಮಾದರಿ ಪ್ರಶ್ನೆಪತ್ರಿಕೆ ಕೊಟ್ಟೆ. ‘ಅಕ್ಕನ ಓದು ಅರ್ಧಕ್ಕೆ ನಿಂತಿತು.’ ಇದರಲ್ಲಿ ‘ಓದು’ ಯಾವ ಪದ? ಲಕ್ಷ್ಮಿದೇವಿ ನಾಮಪದ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಗೀಟು ಹಾಕಿದೆ. ಹುಡುಗಿ ಪುಸ್ತಕ ಹಿಡಿದುಕೊಂಡು ಸೀದಾ ಮೇಜಿನ ಹತ್ತಿರ ಬಂದಳು.

“ಮಿಸ್, ಇಲ್ಲಿ ಯಾರೂ ಓದವಲ್ರಲ್ರಿ,” ಎಂದಳು. “ನಿಂತಿದ್ದು ಯಾವದ್ರಿ? ಓದು. ಹಂಗಾದ್ರ ಅದು ಹೆಸರಲ್ರಿ? ‘ಲಕ್ಷ್ಮಿ, ಪಾಠ ಓದು’ ಅಂದ್ರ ಅದು ಬ್ಯಾರೆ. ಅಲ್ಲಿ ಕೆಲ್ಸ ಹೇಳಾಕತ್ತೀರಿ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

“ನಂಗೇ ಪಾಠ ಹೇಳ್ಕೊಡ್ತೀಯೇನೇ? ಚಾರ್ಟಲ್ಲಿ ಏನಿದೆ ನೋಡು! ಓದು ಕ್ರಿಯಾಪದ, ಅಷ್ಟೇ. ಐವತ್ತು ಸಲ ಬರ್ಕೊಂಡ್ ಬಾ. ದೊಡ್ಡ ಪಂಡಿತೆ ಬಂದ್ಬಿಟ್ಲು.”

ಇಡೀ ತರಗತಿ ನಕ್ಕಿತು. ಅವಳು ತಲೆ ಬಗ್ಗಿಸಿಕೊಂಡು ಹೋಗಿ ಕೂತಳು. ಮರುದಿನ ಐವತ್ತು ಸಲ, ದುಂಡಗೆ, ಒಂದೂ ಚಿತ್ತು ಮಾಡದೆ ಬರೆದು ತಂದಳು. ನಾನು ಸಹಿ ಹಾಕಿದೆ. ನನ್ನ ಕೈಗಿಷ್ಟು ಬೆಂಕಿ ಬೀಳ!

ಆ ಭಾನುವಾರ ನಮ್ಮ ಯಜಮಾನರು ವೆಂಕಟಾಚಲ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಫ್ಯಾಕ್ಟರಿಯಿಂದ ರಿಟೈರ್ ಆದ ಮೇಲೆ ಹೆಡ್ಡಿಂಗುಗಳನ್ನೆಲ್ಲ ನನಗೆ ಕೇಳುವ ಹಾಗೆ ಜೋರಾಗಿ ಓದುವುದು ಅವರ ಚಾಳಿ.

“ವಲಸೆ ಮಕ್ಕಳ ಓದಿಗೆ ಕುತ್ತು,” ಎಂದು ಓದಿದರು.

ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಓದಿಗೆ. ಸೌಟು ಹಾಗೇ ಕೈಯಲ್ಲಿ ನಿಂತಿತು. ಓದನ್ನು, ಓದಿನಿಂದ, ಓದಿಗೆ, ಓದಿನ, ಓದಿನಲ್ಲಿ. ಮರವನ್ನು, ಮರದಿಂದ, ಮರಕ್ಕೆ ಅನ್ನುವ ಹಾಗೆಯೇ ವಿಭಕ್ತಿ ಪ್ರತ್ಯಯಗಳೆಲ್ಲ ಒಂದರ ಹಿಂದೆ ಒಂದು ಬಂದು ಕೂತವು. ನಾಮಪದವಲ್ಲದೆ ಇನ್ನೇನು? ‘ಅಕ್ಕನ ಓದು ಅರ್ಧಕ್ಕೆ ನಿಂತಿತು’ ಎನ್ನುವಲ್ಲಿ ಕ್ರಿಯಾಪದ ‘ನಿಂತಿತು’. ಹತ್ತು ವರ್ಷದ ಹುಡುಗಿ ವಾಕ್ಯ ಓದಿ ಹೇಳಿದ್ದಳು. ನಾನು ಗೋಡೆ ನೋಡಿ ಗೀಟು ಹಾಕಿದ್ದೆ.

“ಏನೇ, ಸಾಸಿವೆ ಸೀದು ಹೋಗ್ತಿದೆ!” ಎಂದರು ಯಜಮಾನರು.

ಸೋಮವಾರ ಹೇಳಬೇಕೆಂದೇ ಹೋದೆ, ದೇವರಾಣೆ. ಮಕ್ಕಳು ಚಾರ್ಟು ಒಪ್ಪಿಸುತ್ತಿದ್ದರು. ‘ಓದು’ ಬಂದಾಗ ಲಕ್ಷ್ಮಿದೇವಿಯೂ ಎಲ್ಲರ ಜೊತೆ ಗಟ್ಟಿಯಾಗಿ “ಕ್ರಿಯಾಪದ” ಎಂದಳು. ಹೆಡ್‌ಮಿಸ್ ಬಾಗಿಲಲ್ಲೇ ನಿಂತು ಮೆಚ್ಚಿಕೊಂಡು ನೋಡುತ್ತಿದ್ದರು. ರಿಟೈರ್ ಆಗಲು ಎಂಟು ತಿಂಗಳು ಇತ್ತು. ಅವರೆದುರು, ಆ ಮಕ್ಕಳೆದುರು, ಇಷ್ಟು ವರ್ಷ ತಪ್ಪು ಹೇಳಿಕೊಟ್ಟೆ ಎನ್ನಲು ನಾಲಿಗೆ ಏಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಅಷ್ಟಕ್ಕೂ ಪರೀಕ್ಷೆಯಲ್ಲಿ ಅದೇ ಎಲ್ಲಿ ಬರುತ್ತೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಳೆ ನಾಳೆ ಅನ್ನುವುದರಲ್ಲಿ ಪರೀಕ್ಷೆ ಬಂದು ಹೋಯಿತು.

ಏಪ್ರಿಲ್ ಕೊನೆಯಲ್ಲಿ ಜಟ್ಟೆಮ್ಮ ಮಗಳನ್ನು ಕರೆದುಕೊಂಡು ಶಾಲೆಗೆ ಬಂದಳು. ತಲೆಗೂದಲಲ್ಲಿ ಸಿಮೆಂಟಿನ ಧೂಳು ಹಾಗೇ ಇತ್ತು. ಕೈಯಲ್ಲಿ ಪ್ರಶ್ನೆಪತ್ರಿಕೆ, ಉತ್ತರಗಳ ಪಟ್ಟಿ, ಫಲಿತಾಂಶದ ಚೀಟಿ. ನಾನೊಬ್ಬಳೇ ಕೂತು ರಿಜಿಸ್ಟರ್ ಬರೆಯುತ್ತಿದ್ದೆ.

“ಸೀಟ್ ಹೋತ್ರಿ ಮೇಡಂ. ಕೊನೀ ಸೀಟಿಗಿ ಒಂದ್ ಮಾರ್ಕ್ ಕಮ್ಮಿ ಆತಂತ್ರಿ,” ಎಂದಳು. “ಎಲ್ಲಿ ತಪ್ಪ್ಯಾಳ, ನೀವರ ನೋಡಿ ಹೇಳ್ರಿ.”

ನೋಡಿದೆ. ಲೆಕ್ಕದಲ್ಲಿ ಮೂರು ತಪ್ಪಿತ್ತು, ಅವು ನಿಜಕ್ಕೂ ಕಷ್ಟದವು. ಕನ್ನಡದಲ್ಲಿ ಒಂದೇ ಒಂದು. ‘ತಂಗಿಯ ಹಾಡು ಎಲ್ಲರಿಗೂ ಹಿಡಿಸಿತು.’ ಹಾಡು ಯಾವ ಪದ? ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಮೊದಲು ನಾಮಪದಕ್ಕೆ ಗುರುತು ಹಾಕಿ, ಅದನ್ನು ಅಳಿಸಿ, ಕ್ರಿಯಾಪದಕ್ಕೆ ಹಾಕಿದ್ದಳು. ಅಳಿಸಿದ ಜಾಗ ಮಾಸಲಾಗಿತ್ತು.

“ಯಾಕೆ ಅಳಿಸ್ದೆ ಪುಟ್ಟಿ?” ಎಂದೆ.

“ನೀವು ತಪ್ಪಂದಿದ್ರಲ್ರಿ ಮಿಸ್.”

ಆಗಲೂ ಸುಮ್ಮನಿರಬಹುದಿತ್ತು. ಲೆಕ್ಕದಲ್ಲಿ ಹೋಯಿತಮ್ಮ ಎಂದರೆ ಜಟ್ಟೆಮ್ಮ ನಂಬುತ್ತಿದ್ದಳು. ಆದರೆ ಆಗಲಿಲ್ಲ.

“ಜಟ್ಟೆಮ್ಮ, ಇದು ಅವಳ ತಪ್ಪಲ್ಲ, ನಂದು,” ಎಂದೆ. “ಅವಳು ಸರಿಯಾಗೇ ಹೇಳಿದ್ಲು. ನಾನೇ ತಪ್ಪು ಹೇಳ್ಕೊಟ್ಟು ಬೈದು ಕೂರಿಸಿದ್ದೆ. ಇವಳು ಮೊದ್ಲು ಗುರುತು ಹಾಕಿದ್ದೇ ಸರಿ ಉತ್ತರ.”

ಜಟ್ಟೆಮ್ಮ ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಮಗಳ ಕಡೆ ತಿರುಗಿ, ಫ್ರಾಕಿನ ತೋಳು ಮೇಲಕ್ಕೆ ಸರಿಸಿದಳು. ಮೊಣಕೈ ಮೇಲೆ ಎರಡು ಬಾಸುಂಡೆ ನೀಲಿಗಟ್ಟಿದ್ದವು.

“ನಿನ್ನೆ ನಾ ಹೊಡದೆನ್ರಿ ಮೇಡಂ,” ಎಂದಳು. “ಒಂದ್ ಮಾರ್ಕಿಗಿ ಬಾಳೇ ಹಾಳ್ ಮಾಡ್ಕೊಂಡ್ಯಲ್ಲ ಅಂತ ಹೊಡದೆ. ಆಗೂ ಏನೂ ಅನ್ಲಿಲ್ರಿ ಇದು. ಮಿಸ್ ಹೇಳಿದ್ದು ಅಂತ ಒಂದ್ ಮಾತ್ ಸೈತ ಅನ್ಲಿಲ್ಲ.” ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಟ್ರಸ್ಟಿನವರಿಗೆ ಕಾಗದ ಬರೆಯುತ್ತೇನೆ, ನಾನೇ ಹೋಗಿ ಕಾಲು ಹಿಡಿಯುತ್ತೇನೆ ಎಂದೆಲ್ಲ ಬಡಬಡಿಸಿದೆ. ಸೀಟುಗಳ ಪಟ್ಟಿ ಮುಗಿದಿದೆ ಎಂದು ಚೀಟಿಯಲ್ಲೇ ಅಚ್ಚಾಗಿತ್ತು. ಬರುವ ಸೋಮವಾರ ಅವರು ಹೊರಡುವವರು.

ಲಕ್ಷ್ಮಿದೇವಿ ಅಳಲಿಲ್ಲ. ತೋಳು ಕೆಳಗೆ ಎಳೆದುಕೊಂಡು, ತರಗತಿಯಲ್ಲಿ ಅನುಮಾನ ಕೇಳುವಾಗ ನಿಲ್ಲುವ ಹಾಗೆ ನೆಟ್ಟಗೆ ನಿಂತಳು.

“ಅದು ನಾಮಪದ ಅಂತ ನಿಮಗ ಯಾವಾಗ ಗೊತ್ತಾತ್ರಿ ಮಿಸ್?”

ಈಗಷ್ಟೇ ಎನ್ನಬಹುದಿತ್ತು. ಜಟ್ಟೆಮ್ಮ ಬಾಯಿಂದ ಸೆರಗು ತೆಗೆದು ಕಾಯುತ್ತಿದ್ದಳು.

“ಪರೀಕ್ಷೆಗೆ ಮುಂಚೇನೇ ಗೊತ್ತಿತ್ತು ಕಣಮ್ಮ,” ಎಂದೆ.