ಮೂವತ್ತಾರು ಹಾಳೆ

ಮೂರು ತುಣುಕುಗಳನ್ನೂ ನೋಡಿ ಮುಗಿಸಿದ್ದಾಯಿತು. ಮೂರರಲ್ಲೂ ದೃಶ್ಯ ಒಂದೇ. ಮಗುವನ್ನು ಆಸ್ಪತ್ರೆಯ ಮಂಚದಲ್ಲಿ ಮಲಗಿಸಿ ಹೊರಟ ತಾಯಿ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡುತ್ತಾಳೆ. ಮಾಡಿದ ಬಗೆ ಮಾತ್ರ ಬೇರೆ: ಒಂದು ಕಂಪ್ಯೂಟರಿನಲ್ಲಿ ಗೊಂಬೆ ಕಟ್ಟಿದ ತ್ರೀಡಿ, ಒಂದು ಕೈಕಾಲುಗಳನ್ನು ಬಿಡಿಬಿಡಿಯಾಗಿ ಬರೆದು ಜೋಡಿಸಿ ಆಡಿಸಿದ ಕಟೌಟ್, ಒಂದು ಹಾಳೆ ಹಾಳೆಯಾಗಿ ಕೈಯಲ್ಲಿ ಬರೆದದ್ದು. ಆಪರೇಷನ್‌ಗೆ ಹೆದರುವ ಮಕ್ಕಳಿಗೆ ತೋರಿಸಲು ಒಂದು ಆಸ್ಪತ್ರೆಯವರು ಎಂಟು ನಿಮಿಷದ ಕಾರ್ಟೂನ್ ಕೇಳಿದ್ದರು. ನಾಲ್ಕು ತಿಂಗಳ ಗಡುವು.

ಮಾಡುವವರು ಮೂವರೇ: ನಿರ್ದೇಶಕಿ, ಅವಳಿಗೆ ಚಿಕ್ಕಂದಿನಲ್ಲಿ ಪೆನ್ಸಿಲ್ ಹಿಡಿಯಲು ಕಲಿಸಿದ ಸೋದರಮಾವ, ಮತ್ತು ಕಂಪ್ಯೂಟರ್ ಕೆಲಸದ ನಾದಿನಿ. ನಾಲ್ಕನೆಯವರನ್ನು ಸೇರಿಸಿಕೊಳ್ಳುವಷ್ಟು ಹಣ ಇರಲಿಲ್ಲ.

"ತ್ರೀಡಿ ಬೇಡ ಅತ್ತಿಗೆ," ನಾದಿನಿ ತಾನು ಮಾಡಿದ್ದನ್ನು ತಾನೇ ತಳ್ಳಿಹಾಕಿದಳು. "ಗೊಂಬೆ ಕಟ್ಟಿ ಒಳಗೆ ಮೂಳೆ ಕೂರಿಸೋಕೇ ಒಂದೂವರೆ ತಿಂಗಳು. ಆಮೇಲೆ ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮ್, ಒಂದೊಂದು ರೆಂಡರ್ ಆಗಿ ಚಿತ್ರ ಹೊರಬರೋಕೆ ಇಪ್ಪತ್ತು ನಿಮಿಷ. ನಮ್ಮ ಎರಡೂ ಕಂಪ್ಯೂಟರ್ ಹಗಲು ರಾತ್ರಿ ಓಡಿದ್ರೂ ಎಂಬತ್ತು ದಿನ. ಗೊಂಬೆ ಆಡ್ಸೋದು ಯಾವಾಗ?"

"ಮುಖವೂ ಈಗತಾನೇ ತೊಳೆದಿಟ್ಟ ಬಟ್ಟಲಿನ ಹಾಗಿದೆ," ಎಂದರು ಮಾವ.

"ಥ್ಯಾಂಕ್ಸ್ ಮಾವ," ಎಂದಳು ನಾದಿನಿ.

"ಕಟೌಟ್ ಇನ್ನೂ ಚೆಂದ!" ಮಾವ ನಿರ್ದೇಶಕಿಯತ್ತ ತಿರುಗಿದರು. "ತಾಯಿ ತಿರುಗೋದೇ ಇಲ್ಲ, ಇಸ್ಪೀಟೆಲೆ ಮಗುಚಿದ ಹಾಗೆ ಮಗುಚ್ತಾಳೆ. ಫ್ರೇಮ್ ಬೈ ಫ್ರೇಮೇ ಮಾಡೋಣ ಪುಟ್ಟಿ. ನಾನು ಬರೀತೀನಿ."

ಕೈಯಲ್ಲಿ ಬರೆಯುವುದಾದರೆ ಸೆಕೆಂಡಿಗೆ ಹನ್ನೆರಡು ಚಿತ್ರ ಸಾಕು. ಎಂಟು ನಿಮಿಷಕ್ಕೆ ಐದು ಸಾವಿರದ ಏಳುನೂರ ಅರವತ್ತು. ದಿನಕ್ಕೆ ಮೂವತ್ತು ಬರೆದರೂ ಆರು ತಿಂಗಳ ಮೇಲಾಗುತ್ತದೆ. ಲೆಕ್ಕ ಮಾವನಿಗೂ ಗೊತ್ತಿತ್ತು. ಆದರೂ ಮಾವ ಬರೆದ ತಾಯಿಯ ಕಣ್ಣಿನಲ್ಲಿ ಜೀವವಿತ್ತು, ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ.

ನಿರ್ದೇಶಕಿ ಆ ತುಣುಕಿಗೆ ಮಾವ ಬರೆದಿದ್ದ ಹಾಳೆಗಳ ಕಟ್ಟನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಸರಸರ ಬಿಟ್ಟು ನೋಡಿದಳು. ಪರದೆಯ ಮೇಲೆ ಗೆರೆಗಳು ಸಣ್ಣಗೆ ಕುದಿಯುವಂತೆ ಕಂಡಾಗ, ಕೈಯಲ್ಲಿ ಬರೆದದ್ದರ ಸೊಗಸು ಅಂದುಕೊಂಡಿದ್ದಳು. ಅಲ್ಲ. ಮೊದಲ ಹತ್ತು ಹಾಳೆಗಳ ಗೆರೆ ಎಳೆದು ಕಟ್ಟಿದ ದಾರದಂತಿತ್ತು. ಹದಿನೈದರಿಂದಾಚೆ ಗರಗಸದ ಹಲ್ಲು.

ಅವಳು ತಲೆಯೆತ್ತಿದಳು. ನಾದಿನಿ ಚಹಾ ತಂದಿಟ್ಟಿದ್ದಳು. ಎರಡು ಲೋಟ ತುಂಬ, ಒಂದು ಅರ್ಧ. ಮಾವ ಅರ್ಧ ಲೋಟವನ್ನು ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕುಡಿದರು. ಒಂದು ತಿಂಗಳಿಂದಲೂ ಆ ಲೋಟ ಅರ್ಧವೇ ಬರುತ್ತಿತ್ತು. ನಾದಿನಿ ಅವಳ ಕಣ್ಣು ತಪ್ಪಿಸಿದಳು.

"ಕಟೌಟೇ ಮಾಡೋಣ ಮಾವ," ನಿರ್ದೇಶಕಿಗೆ ತನ್ನ ದನಿಯೇ ಬೇರೆಯವರದ್ದೆನಿಸಿತು. "ಗಡುವು ಕಮ್ಮಿ ಇದೆ, ಅದಕ್ಕೇ. ತಲೆ, ತೋಳು, ಮುಂಗೈ ಎಲ್ಲ ಬೇರೆ ಬೇರೆ ಬರೆದುಕೊಡಿ. ಒಂದ್ಸಲ ಬರೆದಿಟ್ರೆ ಸಾಕು, ಮತ್ತೆ ಮತ್ತೆ ಬಳಸ್ಬಹುದು. ಕೀಲಿನ ಹತ್ರ ಮಾತ್ರ ಗುಂಡಗೆ ಬಿಡಿ. ನೇರ ಕತ್ತರಿಸಿದ್ರೆ ಮೊಣಕೈ ಮಡಚಿದಾಗ ಬಿರುಕು ಬಿಡುತ್ತೆ."

ಮಾವ ಖಾಲಿ ಲೋಟವನ್ನು ಎರಡೂ ಕೈಯಲ್ಲೇ ಕೆಳಗಿಟ್ಟರು. "ಗಡುವು," ಎಂದರು. ಆಮೇಲೆ, "ಆಗಲಿ. ಅವಳು ತಿರುಗೋ ಮೂರು ಸೆಕೆಂಡ್ ಮಾತ್ರ ನನಗೆ ಬಿಡು. ಮೂವತ್ತಾರು ಹಾಳೆ."

ಅವಳು ಮೂವತ್ತಾರು ಖಾಲಿ ಹಾಳೆ ಎಣಿಸಿ ಮಾವನ ಮುಂದಿಟ್ಟಳು.

ಮೂರು ವಾರ ಮಾವ ಮನೆಯಿಂದಲೇ ಕೆಲಸ ಮಾಡಿದರು. ಫೋನ್ ಮಾಡಿದಾಗಲೆಲ್ಲ "ಆಗ್ತಾ ಇದೆ" ಅಂದು ಇಟ್ಟುಬಿಡುತ್ತಿದ್ದರು. ಕೊನೆಗೊಂದು ಮಧ್ಯಾಹ್ನ ದಪ್ಪ ಕಡತವನ್ನು ಎಡಗಂಕುಳಲ್ಲಿ ಅವುಚಿಕೊಂಡು ಬಂದರು. ಬಲಗೈ ಕೋಟಿನ ಜೇಬಿನಲ್ಲಿತ್ತು.

ತಾಯಿಗೆ ಮೂರು ಮಗ್ಗುಲಿನ ಚಿತ್ರ, ಮಾತಾಡಿಸಲು ಎಂಟು ಬಗೆಯ ಬಾಯಿ, ಆರು ಬಗೆಯ ಕೈ ಸಾಕೆಂದು ಅವಳು ಹೇಳಿದ್ದಳು. ಕಡತದಲ್ಲಿ ಕೈಗಳೇ ನಲವತ್ತಿದ್ದವು. ಪ್ರತಿ ಕೀಲೂ ಗುಂಡಗೆ, ಒಂದಕ್ಕೊಂದು ಹೊಂದುವಂತೆ. ಕೆಳಗೆ ಈ ಚಿತ್ರದಲ್ಲಿಲ್ಲದವರೂ ಇದ್ದರು. ಮುದುಕರು, ಅಂಚೆಯವನು, ನಗುವ ಹುಡುಗಿಯರು, ನಾಯಿಗಳು.

"ಇಷ್ಟೊಂದು ಯಾಕೆ ಮಾವ?"

"ಒಂದ್ಸಲ ಬರೆದಿಟ್ರೆ ಸಾಕು ಅಂದಿದ್ದು ನೀನೇ ಅಲ್ವಾ? ಇಟ್ಕೋ. ಮುಂದಕ್ಕೆ ಬೇಕಾಗುತ್ತೆ."

ಊರು ಬಿಡುವವರು ಮನೆಯ ಡಬ್ಬಗಳನ್ನೆಲ್ಲ ತುಂಬಿಸಿಟ್ಟು ಹೋಗುತ್ತಾರಲ್ಲ, ಹಾಗಿತ್ತು ಆ ಕಡತ. ನಾದಿನಿ ಕುರ್ಚಿ ಎಳೆದು ಮಾವನನ್ನು ಕೂರಿಸಿದಳು.

ತಳದಲ್ಲಿ ಮೂವತ್ತಾರು ಹಾಳೆಗಳಿದ್ದವು. ನಿರ್ದೇಶಕಿ ಹೆಬ್ಬೆರಳಿನಿಂದ ಬಿಟ್ಟು ನೋಡಿದಳು. ತಾಯಿ ಬಾಗಿಲಿಗೆ ಬಂದಳು, ನಿಂತಳು, ಭುಜ ತಿರುಗಿತು, ಕೆನ್ನೆಯ ಅಂಚು ಕಂಡಿತು. ಇಪ್ಪತ್ತೊಂದನೆಯ ಹಾಳೆಗೆ ಅಷ್ಟೇ. ಮುಂದಿನವು ಖಾಲಿ. ಮೂಲೆಯಲ್ಲಿ ಅಂಕಿಗಳು ಮಾತ್ರ ಇದ್ದವು, ಅಕ್ಷರ ತಿದ್ದಲು ಕೂತ ಮಗು ಬರೆದ ಹಾಗೆ. ಮುಖ ಬಂದಿರಲೇ ಇಲ್ಲ.

"ಉಳಿದದ್ದು?"

ಮಾವ ಎಡಗೈಯಿಂದ ಮೊಂಡು ಪೆನ್ಸಿಲೊಂದನ್ನು ಮೇಜಿನ ಮೇಲೆ ಅವಳತ್ತ ಜರುಗಿಸಿದರು. "ನಂಬರ್ ಹಾಕಿದ್ದೀನಿ. ನೀನು ಬರಿ. ಬೆಳಿಗ್ಗೆ ಹೊತ್ತೇ ಬರಿ, ಕೈ ನೆಟ್ಟಗಿರುತ್ತೆ."

"ನಿಮ್ಮ ಕೈಗೆ ಯಾವಾಗಿಂದ ಹೀಗೆ ಮಾವ?"

"ಈ ನಡುಕ ನಮ್ಮ ಮನೆತನದ್ದು. ನಿನ್ನ ಅಮ್ಮನಿಗೆ ನನಗಿಂತ ಮುಂಚೆ ಬಂತು," ಎಂದರು ಮಾವ. "ನಿನಗೆ ಹೇಳ್ಬೇಡ ಅಂದಿದ್ದಳು."

ಅವಳು ಬೆಳಕಿನ ಮೇಜಿನ ದೀಪ ಹಾಕಿದಳು. ಇಪ್ಪತ್ತೊಂದನ್ನು ಕೆಳಗಿಟ್ಟು ಅದರ ಮೇಲೆ ಇಪ್ಪತ್ತೆರಡನ್ನು ಕೂರಿಸಿ ಪೆನ್ಸಿಲ್ ಎತ್ತಿಕೊಂಡಳು. ಮಾವ ಹಾಳೆಯನ್ನಾಗಲಿ ಅವಳ ಮುಖವನ್ನಾಗಲಿ ನೋಡಲಿಲ್ಲ. ಮುಂದಕ್ಕೆ ಬಾಗಿ, ಅವಳ ಬೆರಳುಗಳನ್ನೇ ನೋಡುತ್ತ ಕೂತರು.