ಹಿರಿಯರ ಮೊದಲ ಗುಟುಕು

ಮಹಾರಾಜರ ಸರ್ಕಾರದ ಔಷಧಾಲಯದಲ್ಲಿ ನಾನು ಕಾಂಪೌಂಡರ್. ಆ ಬೇಸಿಗೆ ಗೌಡಗೆರೆ ಪಕ್ಕದ ಹಟ್ಟಿಯ ಮುದುಕರನ್ನು ಬೇವಿನ ಮರದಡಿ ಕೂರಿಸಿಕೊಂಡು ಹೇಳಿದೆ: "ವಯಸ್ಸಾದಂತೆ ದಾಹ ಮಂಕಾಗುತ್ತೆ. ಮೈ ಒಣಗ್ತಿದ್ದರೂ ಬಾಯಿ ನೀರು ಕೇಳಲ್ಲ. ಉಚ್ಚೆ ಕಡಿಮೆಯಾಗಿ ಕಡುಹಳದಿಯಾಗುತ್ತೆ, ತಲೆ ಸುತ್ತುತ್ತೆ, ಕೊನೆಗೆ ಬುದ್ಧಿ ಕಲಸಿಹೋಗುತ್ತೆ. ದಾಹಕ್ಕೆ ಕಾಯಬೇಡಿ, ಆಗಾಗ ಕುಡೀರಿ."

ನಡುವೆ ನೀರು ತುಂಬಿದ ಮಣ್ಣಿನ ಹರವಿ ಇತ್ತು. ಆ ಹಟ್ಟಿಯಲ್ಲಿ ಎಲ್ಲರಿಗಿಂತ ಹಿರಿಯರು ಕುಡಿದ ಮೇಲೆಯೇ ಉಳಿದವರು ಕುಡಿಯಬೇಕು. ಹಿರಿಯ ಜುಂಜಪ್ಪ ಚೊಂಬನ್ನು ಪಕ್ಕಕ್ಕೆ ಸರಿಸಿದ.

"ದಾವಾನೇ ಇಲ್ಲ, ಬುಡಿ ಸ್ವಾಮಿ."

ಹರವಿಯನ್ನು ಯಾರೂ ಮುಟ್ಟಲಿಲ್ಲ. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅವನ ಮುಖವನ್ನೂ ನೋಡದೆ ಇನ್ನೊಂದು ಗಂಟೆ ಮಾತಾಡಿದೆ, ಮೂರ್ಖ ನಾನು.

"ಕುರಿ ಬಂದ್ವಾ?" ಎಂದ ಜುಂಜಪ್ಪ. ಅವನು ಕುರಿ ಮಾರಿ ಹತ್ತು ವರ್ಷವಾಗಿತ್ತು. ಬಾಯಿ ತೆರೆಸಿ ನೋಡಿದೆ: ನಾಲಿಗೆ ಕಟ್ಟಿಗೆಯಂತಿತ್ತು, ದಿನಗಟ್ಟಲೆ ನೀರಿಲ್ಲದೆ ಒಣಗಿದ್ದ. ತುಟಿಗೆ ಹಿಡಿದ ನೀರನ್ನು ನುಂಗಲಾಗಲಿಲ್ಲ. ಸಂಜೆಯೊಳಗೆ ಸತ್ತ.

ಮರುದಿನ ಮಣ್ಣು ಮಾಡಿ ಬಂದವರು ಅದೇ ಮರದಡಿ ಕೂತರು. ಈಗ ಎಲ್ಲರಿಗಿಂತ ಹಿರಿಯಳು ಕದರಮ್ಮ. ನಾನೇ ಚೊಂಬು ತುಂಬಿ ಅವಳ ಕೈಗೆ ಕೊಟ್ಟೆ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟಳು.

"ನಂಗೂ ದಾವ ಇಲ್ಲ ಕಣಪ್ಪ."