ಎಡಗಡೆ ಎತ್ತರ

“ಇನ್ನೊಂದ್ಸಲ ಒತ್ತು,” ಅಂದಳು ಅತ್ತೆ, ಅಪ್ಪನ ಒಡಹುಟ್ಟಿದವಳು.

ಮಗ ಹೆಬ್ಬೆರಳಿನಿಂದ ಒತ್ತಿದ. ಮೇಲಿನ ಹಲ್ಲಿನ ಸೆಟ್ಟು ಕೂತಿತು, ಕೆಳಗಿನದೂ ಕೂತಿತು. ಆದರೆ ಗದ್ದ ಹಿಡಿದು ಬಾಯಿ ಮುಚ್ಚಿಸಿದರೆ ಎಡಗಡೆ ಹಲ್ಲಿಗೆ ಹಲ್ಲು ತಾಗಿ ಅಲ್ಲೇ ನಿಂತುಬಿಡುತ್ತಿತ್ತು, ಬಲಗಡೆ ಸಂದು ಉಳಿಯುತ್ತಿತ್ತು. ಬದುಕಿದ್ದಷ್ಟು ದಿನ ಒಂದು ನರಪಿಳ್ಳೆಯನ್ನೂ ಅಣಕಿಸದ ಅಪ್ಪ, ಈಗ ಮಂಚದ ಮೇಲೆ ಮಲಗಿ ಬಂದವರನ್ನೆಲ್ಲ ಅಣಕಿಸುವ ಹಾಗೆ ತುಟಿ ಸೊಟ್ಟ ಮಾಡಿಕೊಂಡಿದ್ದ.

ಬೆಳಗಿನ ಜಾವ ನಿದ್ದೆಯಲ್ಲೇ ಜೀವ ಹೋಗಿತ್ತು. ಮುಂದಿನ ಕೋಣೆಯೇ ಅಂಗಡಿ, ಹಿಂದಿನದು ಮನೆ. ಬೋರ್ಡಿನ ಮೇಲೆ ‘ಹಲ್ಲಿನ ಸೆಟ್ ಮಾಡಿಕೊಡಲಾಗುತ್ತದೆ’ ಎಂದಿದ್ದ ಆ ಬಾಗಿಲಿನಿಂದ ಜನ ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು. ಅಮ್ಮ ಹೇಳಿದ್ದು ಒಂದೇ ಮಾತು: “ಹಲ್ಲಿಲ್ದೆ ಅವರು ಬಾಗಿಲಾಚೆ ಕಾಲಿಟ್ಟವರಲ್ಲ. ಹಾಕಿ ಕಳಿಸು.” ಹಾಗೆಂದು ತಲೆಯ ಹತ್ತಿರ ಬೆಂಚಿನ ಮೇಲೆ ಕೂತವಳು ಮತ್ತೆ ಮಗನ ಮುಖ ನೋಡಿರಲಿಲ್ಲ.

“ದವಡೆ ಆಗ್ಲೇ ಬಿಗಿದುಬಿಟ್ಟಿದೆ. ಅದಕ್ಕೇ ಕೂರ್ತಿಲ್ಲ,” ಅಂದ ಮಗ.

ಪಕ್ಕದ ಮನೆಯ ನರ್ಸು ಬಗ್ಗಿ ಗದ್ದವನ್ನು ಎರಡು ಬೆರಳಲ್ಲಿ ಮೇಲೆ ಕೆಳಗೆ ಆಡಿಸಿದಳು. “ಎಲ್ಲಿ ಬಿಗಿದಿದೆ? ಇನ್ನೂ ಮೆತ್ತಗಿದೆ ನೋಡಿ. ಆದ್ರೆ ಜಾಸ್ತಿ ಹೊತ್ತು ಹೀಗಿರಲ್ಲ. ಹಾಕೋದಾದ್ರೆ ಈಗ್ಲೇ ಹಾಕ್ಬಿಡಿ. ಆಮೇಲೆ ಯಾವ ಮುಖ ಇರುತ್ತೋ ಅದೇ ಮುಖದಲ್ಲಿ ಹೋಗ್ತಾರೆ.”

ಹೆಣದ ಮೇಲೂ ತಪ್ಪು ಹೊರಿಸಿಬಿಟ್ಟೆನಲ್ಲ ಎಂದು ಮಗನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಡಾಕ್ಟ್ರು. ಊರಿನ ಅರ್ಧ ಬಾಯಿಗಳ ಅಳತೆ ಈ ಅಂಗಡಿಗೆ ಕಳಿಸುವ ದೊಡ್ಡ ದಂತವೈದ್ಯರು. ಹೂವು ಇಟ್ಟು, ಕೈ ಮುಗಿದು, ಅಭ್ಯಾಸಬಲದಿಂದ ಬಾಯಿಯನ್ನೇ ನೋಡಿದರು.

“ಕಚ್ಚು ಸರಿಯಿಲ್ಲವಲ್ಲ. ಯಾರ ಕೆಲಸ ಇದು?”

ಮಗನ ಬಾಯಿಂದ ಮಾತು ಅವನಿಗಿಂತ ಮುಂಚೆ ಹೊರಟಿತು. “ಹಳೇದು ಸಾರ್. ಅಪ್ಪ ತಾನೇ ಮಾಡ್ಕೊಂಡಿದ್ದು.”

ಅಮ್ಮ ತಲೆಯೆತ್ತಿದಳು. ಆ ನೋಟವನ್ನು ತಪ್ಪಿಸಲು ಅವನು ಗದ್ದಕ್ಕೆ ಕಟ್ಟುವ ಬಟ್ಟೆ ಮಡಿಸಲು ಶುರುಮಾಡಿದ.

“ಪಾಪ, ವಯಸ್ಸಾಗಿತ್ತು. ಕೊನೆಕೊನೆಗೆ ಕೈ ತಪ್ಪಿರ್ಬೇಕು,” ಅಂದರು ಡಾಕ್ಟ್ರು. ಹಿಂದಿದ್ದ ಇಬ್ಬರು ಹೌದೆಂದು ತಲೆಯಾಡಿಸಿದರು. ಇನ್ನು ಸಂಜೆಯೊಳಗೆ ಆ ಮಾತು ಊರೆಲ್ಲ ಸುತ್ತುತ್ತದೆ, ಅಪ್ಪನ ಕೈ ಕೆಟ್ಟಿತ್ತಂತೆ ಎಂದು. ಜೀವಮಾನವಿಡೀ ದುಡಿದ ಕೈಗೆ ಅದೇ ಕೊನೆಯ ಮಾತಾಗುತ್ತದೆ.

“ತಪ್ಪಿರೋದು ನಿಜ ಸಾರ್,” ಅಂದ ಒಬ್ಬ ಮೂಲೆಯಿಂದ. ಕೆಲಸ ಬಿಟ್ಟ ಬಸ್ ಕಂಡಕ್ಟರ್. “ನಂದೇ ಮೂರು ಸಲ ತಪ್ಪಿತ್ತು. ಆದ್ರೆ ತಪ್ಪಿದ್ದನ್ನ ಬಾಯೊಳಗೆ ಬಿಟ್ಟು ಕೂರೋ ಆಸಾಮಿ ಅಲ್ಲ ಇವರು. ಅದೇ ನಂಗೆ ಅರ್ಥ ಆಗ್ತಿಲ್ಲ.”

*

ಆಗ ಕಂಡಕ್ಟರಿಗೆ ಹಲ್ಲು ಬೇಕಾಗಿದ್ದು ಊಟಕ್ಕಲ್ಲ, ಸೀಟಿ ಹೊಡೆಯಲು. ಪೀಪಿ ಇಟ್ಟುಕೊಳ್ಳದೆ ಬಾಯಲ್ಲೇ ಸೀಟಿ ಹೊಡೆದು ಬಸ್ಸು ನಿಲ್ಲಿಸುತ್ತಿದ್ದವನು. ಹೊಸ ಸೆಟ್ಟು ಹಾಕಿದರೆ ಬರೀ ಗಾಳಿ. ಅವನು ಅಂಗಡಿಗೆ ಬಂದು ತುಂಬಿದ ಗಿರಾಕಿಗಳ ಮುಂದೆ ಊದಿ ತೋರಿಸಿದಾಗ ಎಲ್ಲರೂ ನಕ್ಕರು. ಅಪ್ಪನ ಮುಖ ಕೆಂಪಾಯಿತು. ಆದರೂ ಕೈ ಚಾಚಿ, “ಕೊಡಪ್ಪ ಇಲ್ಲಿ. ಮುಂದಿನ ಹಲ್ಲನ್ನ ಜಾಸ್ತಿ ಮುಂದೆ ತಂದ್ಬಿಟ್ಟಿದೀನಿ. ನನ್ನ ತಪ್ಪು,” ಅಂದ. ಮುಂದಿನ ಸಲವೂ ಗಾಳಿ, ಅದರ ಮುಂದಿನ ಸಲವೂ ಗಾಳಿ. ಕೊನೆಗೊಂದು ದಿನ ಅಂಗಡಿಯೊಳಗಿಂದ ಎಂಥ ಸೀಟಿ ಎದ್ದಿತೆಂದರೆ ಬೀದಿಯಲ್ಲಿ ಹೋಗುತ್ತಿದ್ದ ಆಟೋದವನು ಗಕ್ಕನೆ ಬ್ರೇಕು ಹಾಕಿದ.

ಆ ದಿನ ಅಪ್ಪನ ಮೆರೆದಾಟ ನೋಡಬೇಕಿತ್ತು. ಎದೆ ಮುಂದೆ ಮಾಡಿಕೊಂಡು, ಹಾಲಿಗೆ ಹೋದರೂ ಪೇಪರಿಗೆ ಹೋದರೂ ಅದೇ ಕತೆ. “ನಾಲ್ಕು ಸಲ ಮೇಣ ಕರಗಿಸ್ದೆ. ಬಿಡ್ಲಿಲ್ಲ ನೋಡು, ಅದಕ್ಕೇ ಬಂತು,” ಅನ್ನುತ್ತಿದ್ದ. ಆಗ ಮಗ ಕೆಲಸ ಕಲಿತು ಹೊಸದು. ಅವನಿಗೆ ಮೈಯೆಲ್ಲ ಮುಜುಗರ.

“ಮೂರು ಸಲ ಕೆಡಿಸಿದ್ದನ್ನೂ ಸೇರಿಸಿ ಹೇಳ್ಕೊಂಡು ತಿರುಗ್ತೀಯಲ್ಲಪ್ಪ. ನಾಚಿಕೆ ಆಗಲ್ವಾ?”

“ಆಗುತ್ತೆ ಕಣೋ. ಆವತ್ತು ಅಷ್ಟು ಜನ ನಕ್ಕಾಗ ನೆಲ ಬಿರಿದ್ರೆ ಒಳಗೆ ಹೋಗ್ಬಿಡೋಣ ಅನ್ನಿಸ್ತು.”

“ಮತ್ತೆ ಈ ಹೆಮ್ಮೆ?”

“ಇದೂ ನಿಜಾನೇ. ನಾಚಿಕೆ ಬಂದ ತಕ್ಷಣ ಇದು ಓಡಿ ಹೋಗ್ಬೇಕು ಅಂತ ಏನಿದೆ? ಕೆಟ್ಟಿದ್ದು ಸೆಟ್ಟು. ನಾನೇನು ಕೆಟ್ಟು ಹೋಗಿರ್ಲಿಲ್ವಲ್ಲ.”

ಮಗನಿಗೆ ಅದು ತಲೆಗೆ ಹತ್ತಲಿಲ್ಲ. ಚಿಕ್ಕವನಿದ್ದಾಗ ಅವನು ಮೇಣದಲ್ಲಿ ಒಂದು ಹಲ್ಲು ಕೆತ್ತಿದ್ದನ್ನು ನೋಡಿ ಅತ್ತೆ, “ಹುಟ್ಟುತ್ತಲೇ ಬಂಗಾರದ ಕೈ ತಂದಿದಾನೆ,” ಅಂದಿದ್ದಳು. ಅಂದಿನಿಂದ ಅವನಿಗೆ ‘ಬಂಗಾರ’ ಎಂದೇ ಹೆಸರು. ಅಪ್ಪ ಮಾತ್ರ ಆ ಹಲ್ಲನ್ನು ಬೆಳಕಿಗೆ ಹಿಡಿದು, “ಈ ಅಂಚು ಚೆನ್ನಾಗಿ ತೆಗ್ದಿದೀಯ, ಬುಡ ಇನ್ನೊಂದ್ಸಲ ಮಾಡು,” ಅಂದಿದ್ದ. ಹುಡುಗ ಅತ್ತೆಯ ಮಾತನ್ನು ಮನಸ್ಸಲ್ಲಿ ಇಟ್ಟುಕೊಂಡ. ಅವನ ಗ್ರಹಚಾರ ಶುರುವಾದದ್ದೇ ಅಲ್ಲಿ. ಕೈ ಹುಟ್ಟಿನಿಂದ ಬಂಗಾರವಾದರೆ ಅದರಿಂದ ಒಂದು ಕೆಟ್ಟ ಕೆಲಸವೂ ಆಗುವ ಹಾಗಿಲ್ಲ. ಒಂದು ಕೆಟ್ಟರೂ ಬಂಗಾರವೇ ಸುಳ್ಳು! ಹಾಗಾಗಿ ಗಿರಾಕಿ ನೋವೆಂದರೆ ಒಸಡೇ ಸರಿಯಿಲ್ಲ, ಚುಚ್ಚುತ್ತದೆ ಎಂದರೆ ಅವರಿಗೆ ಅಗಿಯಲು ಬರುವುದಿಲ್ಲ ಎನ್ನುತ್ತಿದ್ದ. ಅವನು ತನ್ನ ಬಗ್ಗೆ ಅತಿ ಜೋರಾಗಿ ಕೊಚ್ಚಿಕೊಳ್ಳುತ್ತಿದ್ದುದು ಯಾರಾದರೂ ಸೆಟ್ಟು ವಾಪಸು ತಂದ ದಿನಗಳಲ್ಲೇ.

*

ಅಮ್ಮ ಬೆಂಚಿನಿಂದ ಎದ್ದು ಅಡುಗೆಮನೆಗೆ ಹೋದಳು. ಕರೆಯಲಿಲ್ಲ. ಆದರೂ ಅವನು ಹಿಂದೆ ಹೋದ.

“ಯಾರ ತಲೆಗೆ ಕಟ್ದೆ?” ಅಂದಳು ಅಮ್ಮ. ದನಿ ಏರಿಸಲಿಲ್ಲ. “ಉಸಿರು ನಿಂತವರ ತಲೆಗೆ.”

“ಡಾಕ್ಟ್ರ ಮುಂದೆ ಏನಂತ ಹೇಳ್ಬೇಕಿತ್ತು? ನಾಳೆಯಿಂದ ಕೆಲಸ ಕಳಿಸ್ತಾರಾ?” ಅವನಿಗೆ ಸಿಟ್ಟು ಬಂತು. ಯಾವಾಗಲೂ ಮೊದಲು ಬರುತ್ತಿದ್ದುದು ಸಿಟ್ಟೇ. “ಅಪ್ಪಂಗೆ ಅಷ್ಟು ತೊಂದ್ರೆ ಆಗಿದ್ರೆ ತಾನೇ ತೇಯ್ಕೋಬಹುದಿತ್ತಲ್ಲ. ತೇಯೋ ಕಲ್ಲು ಅಲ್ಲೇ ಇತ್ತು. ಒಂದು ಗಳಿಗೆ ಕೆಲಸ.”

“ಕೇಳ್ದೆ ನಾನೂ. ಅವನು ಮಾಡಿದ್ದು, ಅವನೇ ತೇಯ್ಲಿ ಅಂದ್ರು. ನಾನು ಕದ್ದು ಸರಿಮಾಡ್ಕೊಂಡ್ರೆ ನನ್ನ ಮಗ ಜೀವನದಲ್ಲಿ ಇನ್ನು ಯಾವತ್ತೂ ತೇಯಲ್ಲ ಅಂದ್ರು.” ಅಮ್ಮ ಲೋಟ ತೊಳೆಯುತ್ತಲೇ ಹೇಳಿದಳು. “ಹೊರಗೆ ಹೋಗ್ವಾಗ ಹಾಕ್ಕೊಳ್ಳೋರು, ಬಂದು ಬಿಚ್ಚೋರು. ತಿನ್ನೋದೆಲ್ಲ ಗಂಜಿ. ಚಳಿಗಾಲದಿಂದ ಗಂಜಿ.”

*

ಹಳೆಯ ಸೆಟ್ಟು ಕೈಜಾರಿ ಒಡೆದಾಗ ಅಪ್ಪ, “ಈ ಸಲ ನೀನು ಮಾಡೋ,” ಅಂದಿದ್ದ. ಮಗ ಮಾಡಿದ. ಹೊಳಪು ಕೊಟ್ಟು, ಅತ್ತೆಗೆ ತೋರಿಸಿ, ಶಭಾಷ್ ಅನ್ನಿಸಿಕೊಂಡು, ಆಮೇಲೆ ಅಪ್ಪನ ಕೈಗಿಟ್ಟ. ಅಪ್ಪ ಹಾಕಿಕೊಂಡ, ಕಚ್ಚಿ ನೋಡಿದ. ಕಣ್ಣು ಮುಚ್ಚಿ ಮತ್ತೆ ಕಚ್ಚಿದ.

“ಮುಂದಿನ ಸಾಲು ಬಹಳ ಚೆನ್ನಾಗಿ ಜೋಡ್ಸಿದೀಯ. ಎಡಗಡೆ ಮಾತ್ರ ಸ್ವಲ್ಪ ಎತ್ತರ ಆಗಿದೆ. ತೇಯ್ದು ಕೊಡು.”

ಅಷ್ಟೇ ಮಾತು. ಅದರಲ್ಲಿ ಕುಹಕವಿರಲಿಲ್ಲ, ಕೊಂಕಿರಲಿಲ್ಲ. ಮಗನಿಗೆ ಮಾತ್ರ ಇಡೀ ಮೈಗೆ ಕೆಂಡ ಸುರಿದ ಹಾಗಾಯಿತು. “ನನ್ನ ಅಳತೆ ತಪ್ಪಲ್ಲ. ನಿನ್ನ ದವಡೆ ಸವೆದಿದೆ. ನಿನ್ ಕಾಲ ಮುಗೀತಪ್ಪ, ಒಪ್ಕೋ,” ಅಂದುಬಿಟ್ಟ. ಅಪ್ಪ ಅವನನ್ನು ಒಂದು ಗಳಿಗೆ ನೋಡಿ, ಸೆಟ್ಟನ್ನು ಬಾಯಿಂದ ತೆಗೆದು ತೊಳೆದು, ನೀರಿನ ಡಬ್ಬಿಯಲ್ಲಿಟ್ಟ. ಆ ವಿಷಯ ಮತ್ತೆ ಎತ್ತಲೇ ಇಲ್ಲ.

*

ಮಗ ಹೊರಗೆ ಬಂದಾಗ ಗಾಡಿ ಬಂದು ನಿಂತಿತ್ತು. ಅತ್ತೆ ಗದ್ದಕ್ಕೆ ಬಟ್ಟೆ ಸುತ್ತುತ್ತಿದ್ದಳು, ಸೊಟ್ಟ ತುಟಿ ಮುಚ್ಚುವ ಹಾಗೆ ಎಳೆದು ಎಳೆದು.

“ಬಿಡು ಅತ್ತೆ.”

“ಹೊತ್ತಾಯ್ತು ಬಂಗಾರ, ಇದರಲ್ಲೇ ಮುಚ್ಚಿಹೋಗುತ್ತೆ.”

“ಬಿಡು ಅಂದ್ನಲ್ಲ.” ಡಾಕ್ಟ್ರು ಚಪ್ಪಲಿ ಮೆಟ್ಟುತ್ತಿದ್ದರು. “ಸಾರ್, ಇದು ಅಪ್ಪ ಮಾಡಿದ್ದಲ್ಲ. ನಾನು ಮಾಡಿದ್ದು. ಎಡಗಡೆ ಎತ್ತರ ಆಗಿದೆ. ಅಪ್ಪ ಆವತ್ತೇ ಹೇಳಿದ್ರು, ನಾನು ಕೇಳ್ಲಿಲ್ಲ.”

ನೆಲ ಬಿರಿಯಲಿಲ್ಲ. ಡಾಕ್ಟ್ರು ಒಂದು ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಬಿಟ್ಟು ನಿಂತರು.

“ಎಷ್ಟು ಹೊತ್ತಿದೆ?” ನರ್ಸನ್ನು ಕೇಳಿದ ಮಗ.

ಅವಳು ಗದ್ದ ಮುಟ್ಟಿದಳು. “ಬಿಗಿಯೋಕೆ ಶುರು ಆಗಿದೆ. ಬೇಗ.”

ಎಡಗಡೆ ಹಲ್ಲುಗಳ ನಡುವೆ, ಎತ್ತರ ಇರುವಲ್ಲಿ ಗುರುತು ಬೀಳಿಸುವ ನೀಲಿ ಕಾಗದದ ಪಟ್ಟಿ ಇಟ್ಟ. ನರ್ಸು ಗದ್ದ ಎತ್ತಿ ಒತ್ತಿದಳು. ಕಾಗದ ತೆಗೆದು ನೋಡಿದರೆ ಒಂದು ದವಡೆಹಲ್ಲಿನ ನೆತ್ತಿಯ ಮೇಲೆ ದಪ್ಪ ನೀಲಿ ಚುಕ್ಕೆ. ತಪ್ಪು ಅಲ್ಲಿಯೇ ಇತ್ತು, ಇಷ್ಟೇ ಇತ್ತು. ಸೆಟ್ಟು ಹಿಡಿದು ಮುಂದಿನ ಕೋಣೆಗೆ ಓಡಿ ಕಲ್ಲು ತಿರುಗಿಸಿದ. ತಂದು ಕೂರಿಸಿದ. ಬಲಗಡೆಯ ಸಂದು ಕಡಿಮೆಯಾಗಿತ್ತು, ಮುಚ್ಚಿರಲಿಲ್ಲ.

“ಇಷ್ಟು ಸಾಕು ಬಿಡೋ,” ಅಂದಳು ಅತ್ತೆ. “ಯಾರು ನೋಡ್ತಾರೆ?”

“ಸಾಕಾಗಿಲ್ಲ. ಇನ್ನೂ ಎತ್ತರ ಇದೆ.” ಈ ಸಲ ಆ ಮಾತು ಸಲೀಸಾಗಿ ಬಂತು, ಬೀದಿಗೂ ಕೇಳುವಷ್ಟು.

ಮತ್ತೆ ಹೋದ. ಜಾಸ್ತಿ ತೇಯ್ದರೆ ಆ ಕಡೆ ತಗ್ಗಾಗುತ್ತದೆ, ಅಂಟಿಸಲು ಬರುವುದಿಲ್ಲ. ಕಲ್ಲಿಗೆ ತಾಗಿಸಿ ತೆಗೆದ, ತಾಗಿಸಿ ತೆಗೆದ. ತನ್ನ ಕೈ ಬಂಗಾರವೋ ತಗಡೋ ಎಂಬ ಯೋಚನೆ ಅಲ್ಲಿ ಸುಳಿಯಲಿಲ್ಲ. ಇದ್ದದ್ದು ಒಂದು ಹಲ್ಲು, ಒಂದು ಚುಕ್ಕೆ. ಹೊರಗೆ ಗಾಡಿಯವನು ಹಾರ್ನ್ ಹೊಡೆದ, ಕಂಡಕ್ಟರ್ ಅವನನ್ನು ಗದರಿದ್ದು ಕೇಳಿಸಿತು.

ಮೂರನೆಯ ಸಲ ನೀಲಿ ಗುರುತು ಎಡಕ್ಕೂ ಬಲಕ್ಕೂ ಒಂದೇ ಹಾಗೆ ಬಿತ್ತು. ನರ್ಸು ಬಲವಾಗಿಯೇ ಗದ್ದ ಎತ್ತಬೇಕಾಯಿತು. ತುಟಿಗೆ ತುಟಿ ಕೂಡಿತು. ಕೆನ್ನೆ ತುಂಬಿ, ಏನೋ ಹೇಳಲು ಹೊರಟು ಆಮೇಲೆ ಹೇಳಿದರಾಯಿತು ಎಂದುಕೊಂಡವನ ಮುಖ ಅಪ್ಪನಿಗೆ ವಾಪಸು ಬಂತು.

ಡಾಕ್ಟ್ರು ಬಗ್ಗಿ ನೋಡಿದರು. ಹ್ಞೂಂ ಅಂದರು. ಮಗ ಅವರ ಕಡೆ ತಿರುಗಲೇ ಇಲ್ಲ. ಅವನು ಕೂಡಿದ ಆ ತುಟಿಯನ್ನೇ ನೋಡುತ್ತಿದ್ದ. ಕಣ್ಣಲ್ಲಿ ನೀರು ಧಾರಾಕಾರ, ಆದರೂ ಮುಖ ಅರಳಿತ್ತು. ತಡೆಯಲು ನೋಡಿದ, ಆಗಲಿಲ್ಲ.

“ಅಯ್ಯೋ, ಇವನಿಗೇನಾಯ್ತೇ? ನಗ್ತಿದಾನಲ್ಲೇ,” ಅಂದಳು ಅತ್ತೆ, ಸುತ್ತಲಿನವರಿಗೆ ಕೇಳಿಸಬಾರದೆಂದು ಸಣ್ಣ ದನಿಯಲ್ಲಿ ಅಮ್ಮನಿಗೆ.

ಅಮ್ಮ ಮಂಚದ ಮೇಲೆ ಬಗ್ಗಿದಳು. ಸೆರಗಿನ ತುದಿಯಿಂದ ಗಂಡನ ತುಟಿಯ ಮೇಲಿದ್ದ ಬಿಳಿ ಪುಡಿ ಒರೆಸಿದಳು. ಆಮೇಲೆ ಮಗನ ಕೈ ಎಳೆದುಕೊಂಡು, ಅದೇ ಸೆರಗಿನಿಂದ, ಶಾಲೆಯಿಂದ ಬಂದ ಹುಡುಗನ ಕೈ ಒರೆಸುವ ಹಾಗೆ, ಒಂದೊಂದೇ ಬೆರಳು ಒರೆಸತೊಡಗಿದಳು. ಹೊರಗೆ ಗಾಡಿ ಕಾಯುತ್ತಿತ್ತು.